ಐಬ್ಯಾನ್‌ನ ಎರಡು ಅಂಕಿ: ಫೀಸು ವಾಪಸ್ ಬರೋದು ನಿಲ್ಲಿಸಿದ್ದು ಹೀಗೆ

ಶಿವಮೊಗ್ಗದಲ್ಲಿ ನಮ್ಮದು ಚಿಕ್ಕ ಆಫೀಸು. ವಿದೇಶದಲ್ಲಿ ಓದುವ ಮಕ್ಕಳ ಫೀಸು ಕಳಿಸುವ ಕಾಗದಪತ್ರ ಮಾಡಿಕೊಡುತ್ತೇವೆ. ಎ2 ಫಾರ್ಮ್, ಪ್ಯಾನ್, S0305 ಪರ್ಪಸ್ ಕೋಡ್ ಇದೆಲ್ಲ ಈ ಕೆಲಸ ಮಾಡುವವರಿಗೆ ಗೊತ್ತೇ ಇರುತ್ತದೆ, ಅದನ್ನು ಬರೆಯಲ್ಲ. ಬರೆಯೋದು ಐಬ್ಯಾನ್, ಅಂದರೆ ಯುರೋಪ್ ಕಡೆಗೆ ದುಡ್ಡು ಕಳಿಸುವಾಗ ಹಾಕುವ ಅಂತರರಾಷ್ಟ್ರೀಯ ಖಾತೆ ನಂಬರ್ ಬಗ್ಗೆ ಮಾತ್ರ. ಎರಡು ವರ್ಷ ನಮ್ಮ ಪಾರ್ಟ್‌ನರ್ ಸೇರಿ ಎಲ್ಲರೂ "ಏನ್ರೀ, ಬ್ಯಾಂಕಿನ ಸಿಸ್ಟಮ್ಮೇ ಇದನ್ನೆಲ್ಲ ನೋಡ್ಕೊಳ್ಳುತ್ತೆ, ನಿಮಗ್ಯಾಕೆ ಸುಮ್ನೆ ತಲೆನೋವು" ಅಂತ ಹೇಳುತ್ತಿದ್ದರು. ಈಗ ಅವರೇ ಆ ನಂಬರ್ ಪರೀಕ್ಷಿಸುವ ನನ್ನ ಎಕ್ಸೆಲ್ ಶೀಟಿನಲ್ಲಿ ಉತ್ತರ 1 ಬರುವವರೆಗೆ ಫಾರ್ಮ್‌ಗೆ ಸಹಿ ಹಾಕಿಸಲ್ಲ.

ಶುರುವಾಗಿದ್ದು 2023ರಲ್ಲಿ. ಗಿರಾಕಿಯೊಬ್ಬರ ಮಗಳು ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಎಂಎಸ್ ಸೇರಿದ್ದಳು. ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯುರೋ ತಗೊಳ್ಳುತ್ತವೆ. ಅಪ್ಪ ವಾಟ್ಸಾಪ್‌ನಲ್ಲಿ ಬಂದ ಫೋಟೋ ನೋಡಿ ಖಾತೆ ನಂಬರ್ ಬರೆದು ಕೊಟ್ಟರು, ನಾವು ಅದನ್ನೇ ಟೈಪ್ ಮಾಡಿದೆವು. ನಡುವೆ ಎರಡು ಅಂಕಿ ಅದಲು ಬದಲಾಗಿದ್ದವು. ಬ್ಯಾಂಕಿನ ಫಾರ್ಮ್‌ನಲ್ಲಿ ಅದು ಬರೀ ಖಾತೆ ಸಂಖ್ಯೆಯ ಬಾಕ್ಸು, 34 ಅಕ್ಷರದ ಒಳಗೆ ಯಾವ ಇಂಗ್ಲಿಷ್ ಅಕ್ಷರ, ಅಂಕಿ ಹಾಕಿದರೂ ಒಪ್ಪಿಕೊಳ್ಳುತ್ತಿತ್ತು. ದುಡ್ಡು ಹೋಯಿತು, ಅಲ್ಲಿಂದ ತಿರುಗಿ ಬರೋದಕ್ಕೆ ಹತ್ತಿರ ಹತ್ತಿರ ಮೂರು ವಾರ. ನಡುವಿನ ಬ್ಯಾಂಕಿನವರು ಮುರಿದುಕೊಂಡಿದ್ದು, ಯುರೋ ಕೊಂಡ ದರಕ್ಕೂ ವಾಪಸ್ ಮಾರಿದ ದರಕ್ಕೂ ಇದ್ದ ವ್ಯತ್ಯಾಸ, ಮತ್ತೆ ಕಳಿಸಿದ ಚಾರ್ಜು ಎಲ್ಲ ಸೇರಿ ಏಳೆಂಟು ಸಾವಿರ ಹೋಯಿತು. ಅರ್ಧ ನಾನು ಕೊಟ್ಟೆ. ಹುಡುಗಿ ಫೀಸು ಕಟ್ಟುವ ಗಡುವು ತಪ್ಪಿ ಅಲ್ಲಿ ಆಫೀಸಿಗೆ ಅಲೆದಳು, ಅದಕ್ಕೆ ಲೆಕ್ಕ ಇಲ್ಲ.

ಬೇಜಾರು ಆಗಿದ್ದು ಏನಂದರೆ, ಆ ತಪ್ಪು ಐಬ್ಯಾನ್‌ನೊಳಗೇ ಕೂಗಿ ಹೇಳುತ್ತಿತ್ತು. DE ಆದ ಮೇಲಿನ ಎರಡು ಅಂಕಿ ಇರೋದೇ ಅದಕ್ಕೆ.

ನಾನು ಮೊದಲು ಮಾಡಿದ್ದು ಎಕ್ಸೆಲ್‌ನಲ್ಲಿ. ವಿಧಾನ ಎಲ್ಲರಿಗೂ ಗೊತ್ತಿರುವುದೇ: ಮೊದಲ ನಾಲ್ಕು ಅಕ್ಷರ ಎತ್ತಿ ಕೊನೆಗೆ ಹಾಕಿ, ಅಕ್ಷರಕ್ಕೆ ಬದಲು ಸಂಖ್ಯೆ ಬರೆಯಿರಿ (A ಅಂದರೆ 10, B ಅಂದರೆ 11, ಹೀಗೆ Z ಅಂದರೆ 35), 97ರಿಂದ ಭಾಗಿಸಿ, ಶೇಷ 1 ಬರಬೇಕು. ಜರ್ಮನ್ ನಂಬರ್‌ಗೆ ಇದು 24 ಅಂಕಿ ಆಗುತ್ತದೆ. ಎಕ್ಸೆಲ್ 15 ಅಂಕಿ ದಾಟಿದರೆ ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ. MOD ಹಾಕಿದರೆ #NUM! ಬಂತು. ನಾನು ಬುದ್ಧಿವಂತಿಕೆ ಮಾಡಿ INT ಹಾಕಿ ಭಾಗಿಸಿ ಕಳೆದೆ, ಆಗ ಉತ್ತರ ಅಂತ ಏನೋ ಒಂದು ಬಂತು. ಸರಿಯಾದ ನಂಬರ್‌ಗಳೂ ತಪ್ಪು ಅಂತ ತೋರಿಸಿದವು. ಒಂದು ವಾರ ಎಲ್ಲ ಇನ್‌ವಾಯ್ಸ್‌ಗಳನ್ನೂ ಅನುಮಾನದಿಂದ ನೋಡಿದೆ. ಪಾರ್ಟ್‌ನರ್ "ನೋಡಿ, ನಾನು ಹೇಳಲಿಲ್ವಾ" ಅಂದಿದ್ದು ಆಗಲೇ.

ಪರಿಹಾರ ತುಂಡು ಮಾಡೋದು. ಮೊದಲ 9 ಅಂಕಿಯ ಶೇಷ ತಗೊಂಡು, ಅದರ ಮುಂದೆ ಇನ್ನು 7 ಅಂಕಿ ಅಂಟಿಸಿ, ಮತ್ತೆ ಶೇಷ ತಗೊಳ್ಳೋದು. ಶಾಲೆಯಲ್ಲಿ ದೊಡ್ಡ ಭಾಗಾಕಾರ ಮಾಡುತ್ತಿದ್ದೆವಲ್ಲ, ಅದೇ. A1 ಸೆಲ್ಲನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟು, ಮೇಲೆ ಹೇಳಿದ ಹಾಗೆ ತಿರುಗಿಸಿ ಅಂಕಿ ಮಾಡಿದ ನಂಬರನ್ನು ಅಲ್ಲಿ ಹಾಕಿ, ಇಲ್ಲದಿದ್ದರೆ ಎಲ್ಲ ವ್ಯರ್ಥ.

```
B1: =MOD(LEFT(A1,9),97)
B2: =MOD(B1&MID(A1,10,7),97)
B3: =MOD(B2&MID(A1,17,7),97)
B4: =MOD(B3&MID(A1,24,7),97)
```

ನಮ್ಮ ಗಿರಾಕಿಗಳ ನಂಬರ್ ಇಲ್ಲಿ ಹಾಕಲ್ಲ. ಎಲ್ಲ ಕಡೆ ಮಾದರಿಗೆ ಅಂತ ಕೊಡುವ `DE89 3704 0044 0532 0130 00` ತಗೊಳ್ಳೋಣ. D ಅಂದರೆ 13, E ಅಂದರೆ 14. ತಿರುಗಿಸಿ ಬರೆದರೆ `370400440532013000131489`. ಮೊದಲ ತುಂಡು 370400440, ಶೇಷ 23. ಅದರ ಮುಂದೆ 5320130 ಅಂಟಿಸಿ 235320130, ಶೇಷ 70. ಮುಂದೆ 0013148 ಸೇರಿಸಿ 700013148, ಶೇಷ 38. ಕೊನೆಯ 9 ಸೇರಿಸಿದರೆ 389, ಶೇಷ 1. ಸರಿ ಇದೆ.

ಈಗ ನಮ್ಮ ಹುಡುಗಿಯ ಕೇಸಿನ ಹಾಗೆ 0532 ಇದ್ದದ್ದನ್ನು 0352 ಅಂತ ಬರೆಯಿರಿ. ಮೊದಲ ಶೇಷ 23 ಹಾಗೇ ಇರುತ್ತದೆ. ಎರಡನೆಯದು 233520130, ಶೇಷ 2. ಆಮೇಲೆ 20013148, ಶೇಷ 11. ಕೊನೆಗೆ 119, ಶೇಷ 22. ಒಂದಲ್ಲ, ಇಪ್ಪತ್ತೆರಡು. ಅರ್ಧ ನಿಮಿಷದ ಕೆಲಸ. ಇದನ್ನು ಅವತ್ತು ಮಾಡಿದ್ದರೆ ಆ ಏಳೆಂಟು ಸಾವಿರ ಉಳಿಯುತ್ತಿತ್ತು.

ಎರಡನೇ ಪೆಟ್ಟು ಬಿದ್ದಿದ್ದು ಇದಕ್ಕಿಂತ ಜೋರಾಗಿ, ಅದೂ ಶೀಟು ಸರಿಯಾಗಿ ಓಡುತ್ತಿದ್ದಾಗ. ಒಂದು ಭಾಷಾ ಕೋರ್ಸಿನ ಫೀಸು, ಸುಮಾರು 900 ಯುರೋ ಇರಬೇಕು. ಗಿರಾಕಿ ತಂದ ಹಳೇ ಪಿಡಿಎಫ್‌ನಲ್ಲಿ ಐಬ್ಯಾನ್ ಇರಲಿಲ್ಲ, 8 ಅಂಕಿಯ ಬ್ಯಾಂಕ್ ಕೋಡ್ ಮತ್ತು 7 ಅಂಕಿಯ ಖಾತೆ ನಂಬರ್ ಮಾತ್ರ. ಜರ್ಮನ್ ಐಬ್ಯಾನ್ ಅಂದರೆ DE, ಎರಡು ಚೆಕ್ ಅಂಕಿ, 8 ಅಂಕಿ ಬ್ಯಾಂಕ್ ಕೋಡ್, 10 ಅಂಕಿ ಖಾತೆ, ಒಟ್ಟು 22 ಅಂತ ನನಗೆ ಗೊತ್ತಿತ್ತಲ್ಲ, ನಾನೇ ಕಟ್ಟಿಬಿಟ್ಟೆ. ಚೆಕ್ ಅಂಕಿಯ ಜಾಗದಲ್ಲಿ 00 ಇಟ್ಟು ಶೇಷ ತೆಗೆದು 98ರಿಂದ ಕಳೆದರೆ ಆ ಎರಡು ಅಂಕಿ ಸಿಗುತ್ತವೆ. ಶೀಟಿಗೆ ಹಾಕಿದೆ, 1 ಬಂತು, ಖುಷಿಯಿಂದ ಕಳಿಸಿದೆ. ದುಡ್ಡು ವಾಪಸ್.

ತಪ್ಪು ಎಲ್ಲಿ ಗೊತ್ತಾ? ಖಾತೆಗೆ 10 ಅಂಕಿ ತುಂಬಲು ಮೂರು ಸೊನ್ನೆಯನ್ನು ಬಲಗಡೆ ಹಾಕಿದ್ದೆ, ಎಡಗಡೆ ಹಾಕಬೇಕಿತ್ತು. ಅಂಥ ಖಾತೆಯೇ ಇರಲಿಲ್ಲ. ನಾನೇ ಲೆಕ್ಕ ಹಾಕಿ ಕೂರಿಸಿದ ಚೆಕ್ ಅಂಕಿ ನಾನು ಬರೆದ ತಪ್ಪಿಗೇ ಸರಿಹೊಂದುತ್ತಿತ್ತು, ಶೀಟು ಬೇರೆ ಏನು ಹೇಳುತ್ತೆ? ಇನ್‌ವಾಯ್ಸ್ ಕೊಟ್ಟವರ ಕೈಯಿಂದ ಬಂದ ಎರಡು ಅಂಕಿಗೆ ಮಾತ್ರ ಬೆಲೆ. ಅವತ್ತಿನಿಂದ ನಮ್ಮಲ್ಲಿ ಐಬ್ಯಾನ್ ಕಟ್ಟೋದು ಬಂದ್. ಪೂರ್ತಿ ನಂಬರ್ ಇಲ್ಲದಿದ್ದರೆ ಮಗುವಿನ ಕೈಲೇ ಮೇಲ್ ಮಾಡಿಸಿ ತರಿಸುತ್ತೇವೆ, ನಾಲ್ಕು ದಿನ ತಡವಾದರೂ ಸರಿ. ಅದೇ ಕಾರಣಕ್ಕೆ, ಶೇಷ 1 ಬರಲಿಲ್ಲ ಅಂತ ಚೆಕ್ ಅಂಕಿಯನ್ನು ತಿದ್ದಿ 1 ಬರಿಸುವ ಕೆಲಸವನ್ನೂ ಯಾರೂ ಮಾಡಬೇಡಿ.

ಇದೆಲ್ಲ ಆದ ಮೇಲೆ ಈ ಲೆಕ್ಕ ಎಷ್ಟು ಗಟ್ಟಿ ಅಂತ ನೋಡಬೇಕು ಅನಿಸಿತು. ಅಕ್ಕನ ಮಗ ಪೈಥಾನ್ ಕಲಿಯುತ್ತಿದ್ದ, ಒಂದು ಭಾನುವಾರ ಕೂರಿಸಿಕೊಂಡೆ. ಮೇಲಿನ ಮಾದರಿ ನಂಬರ್‌ನ 18 ಅಂಕಿಗಳಲ್ಲಿ ಒಂದೊಂದನ್ನೇ ಬೇರೆ ಒಂಬತ್ತು ಅಂಕಿಗೆ ಬದಲಿಸಿ ನೋಡಿದೆವು, 162 ತಪ್ಪು ನಂಬರ್, ಒಂದೂ ನುಸುಳಲಿಲ್ಲ. ಒಂದಕ್ಕೊಂದು ಬೇರೆಯಾದ ಯಾವುದೇ ಎರಡು ಅಂಕಿಯನ್ನು ಅದಲು ಬದಲು ಮಾಡಿದೆವು, ಪಕ್ಕಪಕ್ಕದ್ದಷ್ಟೇ ಅಲ್ಲ, ದೂರದ್ದೂ ಸೇರಿ. ಒಂದೂ ನುಸುಳಲಿಲ್ಲ. 97 ಅವಿಭಾಜ್ಯ ಸಂಖ್ಯೆ, ಜೊತೆಗೆ ಇಷ್ಟು ಉದ್ದದ ಒಳಗೆ 9, 99, 999 ಹೀಗೆ ಬರೀ ಒಂಬತ್ತಿನ ಯಾವ ಸಂಖ್ಯೆಯೂ ಅದರಿಂದ ಭಾಗವಾಗಲ್ಲ, ಹಾಗಾಗಿ ಇಂಥ ತಪ್ಪಿನ ವ್ಯತ್ಯಾಸ ಅದರಿಂದ ಭಾಗವಾಗೋದೇ ಇಲ್ಲ. ಆದರೆ ಎರಡು ಅಂಕಿ ಬೇರೆ ಬೇರೆಯಾಗಿ ತಪ್ಪಾದಾಗ ಕೆಲವು ಜಾರಿಕೊಂಡವು. ಯದ್ವಾತದ್ವಾ ತಪ್ಪಿದ್ದರೆ ಸುಮಾರು 97ಕ್ಕೆ ಒಂದು ಪಾಸಾಗುತ್ತದೆ ಅಂತಿಟ್ಟುಕೊಳ್ಳಿ. ಉದಾಹರಣೆಗೆ 0532 ಇರುವ ಕಡೆ 0435 ಬರೆಯಿರಿ. 532ರಲ್ಲಿ 97 ಕಳೆದರೆ 435, ಹಾಗಾಗಿ ಶೇಷ 1 ಬಂದೇ ಬರುತ್ತದೆ. ಮಸುಕಾದ ಫೋಟೋದಲ್ಲಿ 5 ಮತ್ತು 2 ಸರಿಯಾಗಿ ಕಾಣದಿದ್ದರೆ ಇಂಥದ್ದು ಆಗೋದಿಲ್ಲ ಅನ್ನಲಾಗದು. ಅದಕ್ಕೇ ನಾನು ಫೋಟೋದಿಂದ ತಗೊಳ್ಳಲ್ಲ, ಮೂಲ ಪಿಡಿಎಫ್ ಬೇಕು ಅಂತೀನಿ. ಆಮೇಲೂ ಇಬ್ಬರು ಬೇರೆ ಬೇರೆ ಟೈಪ್ ಮಾಡುತ್ತೇವೆ, ಎರಡೂ ಹೊಂದಬೇಕು.

ಅವತ್ತೇ ಇನ್ನೊಂದು ತಮಾಷೆಯ ವಿಷಯ ಸಿಕ್ಕಿತು. ಹುಡುಗನ ಫೋನ್ ಕೀಬೋರ್ಡ್ ಕನ್ನಡದಲ್ಲಿತ್ತು, ಅಲ್ಲಿಂದ ಕಳಿಸಿದ ನಂಬರ್‌ನಲ್ಲಿ ಒಂದು ಕಡೆ ೩ ಅಂತ ಕನ್ನಡ ಅಂಕಿ ಬಂದಿತ್ತು. ಪೈಥಾನ್‌ನ `int()` ಅದನ್ನೂ 3 ಅಂತಲೇ ಒಪ್ಪಿಕೊಂಡು ಶೇಷ 1 ತೋರಿಸಿತು. ಬ್ಯಾಂಕ್ ಫಾರ್ಮ್ ಅದನ್ನು ಒಪ್ಪಲ್ಲ. ಈಗ ಲೆಕ್ಕಕ್ಕೆ ಮೊದಲು `isascii()` ನೋಡುತ್ತೇವೆ. ಪಿಡಿಎಫ್‌ನಿಂದ ಕಾಪಿ ಮಾಡಿದಾಗ ಕಣ್ಣಿಗೆ ಕಾಣದ ಸ್ಪೇಸ್ ಅಂಟಿಕೊಂಡು ಬರುವುದೂ ಉಂಟು, ಅದಕ್ಕೆ ಉದ್ದ 22 ಇದೆಯಾ ಅಂತ ಮೊದಲೇ ನೋಡಿಬಿಡಿ. ದೇಶಕ್ಕೆ ತಕ್ಕ ಹಾಗೆ ಉದ್ದ ಬೇರೆ: ನೆದರ್ಲೆಂಡ್ಸ್ 18, ಫ್ರಾನ್ಸ್ 27. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐಬ್ಯಾನೇ ಇಲ್ಲ, ಅಲ್ಲಿಗೆ ಈ ಶೀಟು ಪ್ರಯೋಜನಕ್ಕೆ ಬರಲ್ಲ.

ಇನ್ನು ಈ ಲೆಕ್ಕ ಹೇಳದೇ ಇರುವುದು. ಖಾತೆ ನಿಜವಾಗಿ ಇದೆಯಾ, ಯಾರ ಹೆಸರಲ್ಲಿದೆ ಅಂತ ಇದಕ್ಕೆ ಗೊತ್ತಿಲ್ಲ. ಕಳ್ಳ ಮೇಲ್‌ನಲ್ಲಿ ಇನ್‌ವಾಯ್ಸ್ ಬದಲಿಸಿ ತನ್ನ ಖಾತೆ ಹಾಕಿದ್ದರೆ ಅದಕ್ಕೂ ಶೇಷ 1 ಬರುತ್ತದೆ, ಯಾಕಂದರೆ ಅದೂ ಅಸಲಿ ಖಾತೆಯೇ. ಯುರೋ ವಲಯದ ಒಳಗೆ ಕಳಿಸುವವರಿಗೆ 2025ರ ಅಕ್ಟೋಬರ್‌ನಿಂದ ಹೆಸರು ಮತ್ತು ಖಾತೆ ಹೊಂದುತ್ತಾ ಅಂತ ಬ್ಯಾಂಕೇ ನೋಡಿ ಹೇಳಬೇಕು ಅಂತ ನಿಯಮ ಬಂದಿದೆ. ನಾವು ಇಲ್ಲಿಂದ ಸ್ವಿಫ್ಟ್‌ನಲ್ಲಿ ಕಳಿಸುವುದಕ್ಕೆ ಆ ಅನುಕೂಲ ಇಲ್ಲ.

ಅದಕ್ಕೆ ನಾನು ಬ್ಯಾಂಕ್ ಕೋಡಿನ ಮೊದಲ ಅಂಕಿ ನೋಡುತ್ತೇನೆ, ಅಂದರೆ ಐಬ್ಯಾನ್‌ನ ಐದನೇ ಜಾಗ. ಜರ್ಮನಿಯಲ್ಲಿ ಅದು ಪ್ರದೇಶ ಹೇಳುತ್ತದೆ: 6 ಅಂದರೆ ಬಾಡೆನ್-ವ್ಯುರ್ಟೆಂಬರ್ಗ್, 7 ಬವೇರಿಯಾ, 1 ಬರ್ಲಿನ್ ಕಡೆ. ಸ್ಟುಟ್‌ಗಾರ್ಟ್ ಕಡೆಯ ಕಾಲೇಜಿನ ಫೀಸಿಗೆ 6 ಬಂದರೆ ನೆಮ್ಮದಿ. 1 ಬಂದರೆ ಮೋಸ ಅಂತಲ್ಲ, ಆದರೆ ಮೇಲ್‌ನಲ್ಲಿರುವ ಫೋನ್ ನಂಬರ್ ಬಿಟ್ಟು ಅವರ ವೆಬ್‌ಸೈಟಿನ ನಂಬರ್‌ಗೆ ಕರೆ ಮಾಡಿಸಿ ಕೊನೆಯ ನಾಲ್ಕು ಅಂಕಿ ಓದಿಸಿಕೊಳ್ಳುತ್ತೇನೆ. ಶುರುವಲ್ಲಿ DE ಬದಲು ಬೇರೆ ದೇಶದ ಕೋಡ್ ಇದ್ದರೆ ಕರೆ ಆಗುವವರೆಗೆ ಫೈಲೇ ಮುಟ್ಟಲ್ಲ. ಇದರ ಜೊತೆ ಬ್ಯಾಂಕ್ ಕೋಡನ್ನು ಇನ್ನೊಂದು ರೀತಿ ನೋಡುವ ಉಪಾಯವೂ ಇದೆ, ಅದು ನಮ್ಮ ಆಫೀಸಿನ ಅನ್ನ, ಇಲ್ಲಿ ಬರೆಯಲ್ಲ.

ಶೀಟು ಹಾಕಿದ ಮೇಲೆ ಹತ್ತಿರ ಹತ್ತಿರ 140 ಸಲ ಯುರೋ ಕಳಿಸಿದ್ದೇವೆ. ಅದರಲ್ಲಿ ಹನ್ನೊಂದೋ ಹನ್ನೆರಡೋ ನಂಬರ್‌ಗೆ ಶೇಷ 1 ಬರಲಿಲ್ಲ, ಎಲ್ಲವೂ ಅಪ್ಪ ಅಮ್ಮಂದಿರು ಕೈಯಲ್ಲಿ ಬರೆದು ತಂದವು. ಕಟ್ಟಿದ ಐಬ್ಯಾನಿನ ಆ ಒಂದು ಪೆಟ್ಟು ಬಿಟ್ಟರೆ ಖಾತೆ ನಂಬರ್ ತಪ್ಪು ಅಂತ ಒಂದೂ ವಾಪಸ್ ಬಂದಿಲ್ಲ. ಎರಡು ಸಿಕ್ಕಿಹಾಕಿಕೊಂಡವು, ಆದರೆ ಅದು ವಿದ್ಯಾರ್ಥಿಯ ರೆಫರೆನ್ಸ್ ನಂಬರ್ ಹಾಕದೆ. ದುಡ್ಡು ಅಲ್ಲಿ ಸೇರಿತ್ತು, ಯಾರದ್ದು ಅಂತ ಅವರಿಗೆ ತಿಳಿಯಲಿಲ್ಲ. ಈಗ ಆ ನಂಬರ್‌ಗೂ ಶೀಟಿನಲ್ಲಿ ಒಂದು ಕಾಲಂ ಮಾಡಿದ್ದೇನೆ.