ವರಮಹಾಲಕ್ಷ್ಮಿ ಶುಕ್ರವಾರವನ್ನು ನಾನೇ ಲೆಕ್ಕ ಹಾಕಲು ಕಲಿತದ್ದು

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಮುಕ್ಕಾಲು ಎಕರೆ ಸೇವಂತಿಗೆ ತೋಟ. ಸಸಿ ನೆಟ್ಟ ಮೇಲೆ ಹೂ ಕೈಗೆ ಸಿಗಲು ನಮ್ಮಲ್ಲಿ ಹೆಚ್ಚುಕಡಿಮೆ ನಾಲ್ಕು ತಿಂಗಳು ಬೇಕು. ಸಸಿಗೆ ನರ್ಸರಿಯಲ್ಲಿ ಫೆಬ್ರವರಿಯಲ್ಲೇ ಹೇಳಿಡಬೇಕು. ಹೊಸ ಪಂಚಾಂಗ ಮನೆಗೆ ಬರುವುದು ಯುಗಾದಿಗೆ. ಅಷ್ಟರವರೆಗೆ ಕಾದರೆ ಒಳ್ಳೆ ಸಸಿ ಬೇರೆಯವರ ಪಾಲಾಗಿರುತ್ತದೆ. ಅದಕ್ಕೇ ಆ ವರ್ಷದ ವರಮಹಾಲಕ್ಷ್ಮಿ ಹಬ್ಬ ಯಾವತ್ತು ಅಂತ ಪಂಚಾಂಗ ಬರುವ ಮೊದಲೇ ನನಗೆ ಗೊತ್ತಾಗಬೇಕು.

ಮೊದಲು ನಾನು ಮಾಡುತ್ತಿದ್ದ ಲೆಕ್ಕ ತುಂಬ ಸುಲಭದ್ದು. ಹನ್ನೆರಡು ಚಾಂದ್ರಮಾನ ತಿಂಗಳಿಗೆ 354 ದಿನ. ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಹೋದ ವರ್ಷದ ಶ್ರಾವಣ ಹುಣ್ಣಿಮೆಯಿಂದ ಹನ್ನೊಂದು ದಿನ ಹಿಂದಕ್ಕೆ ಬಂದು, ಅದರ ಹಿಂದಿನ ಶುಕ್ರವಾರ ಹಿಡಿದರೆ ಆಯಿತು ಅಂದುಕೊಂಡಿದ್ದೆ. 2021ರ ಹುಣ್ಣಿಮೆ ಆಗಸ್ಟ್ 22, 2022ರದ್ದು ಆಗಸ್ಟ್ 12. ಒಂದು ದಿನದ ವ್ಯತ್ಯಾಸದಲ್ಲಿ ಲೆಕ್ಕ ಕೂತಿತು. ಅದನ್ನೇ ನಂಬಿ 2023ಕ್ಕೂ ಹನ್ನೊಂದು ಕಳೆದೆ. ಆಗಸ್ಟ್ 1, ಮಂಗಳವಾರ ಬಂತು. ಹಿಂದಿನ ಶುಕ್ರವಾರ ಜುಲೈ 28. ಮಾರ್ಚ್ ಕೊನೆಯಲ್ಲಿ ಸಸಿ ನೆಟ್ಟೆ.

ಯುಗಾದಿ ಪಂಚಾಂಗ ಅಷ್ಟರಲ್ಲಿ ಮನೆಗೆ ಬಂದಿತ್ತು, ಆದರೆ ಲೆಕ್ಕ ಗೊತ್ತಿದೆ ಅಂತ ನಾನು ತೆಗೆದು ನೋಡಲಿಲ್ಲ. ಜುಲೈ ಕೊನೆ ವಾರ ತೋಟ ಹಳದಿ ತುಂಬಿ ನಿಂತಿತ್ತು. ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಅದು ಅಧಿಕ ಶ್ರಾವಣ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹಬ್ಬ ಇದ್ದದ್ದು ಆಗಸ್ಟ್ 25ಕ್ಕೆ, ಪೂರಾ ನಾಲ್ಕು ವಾರ ಆಚೆ. ಅಷ್ಟು ಹೊತ್ತಿಗೆ ಗಿಡದಲ್ಲಿ ಉಳಿದದ್ದು ಗುಂಡಿಯಷ್ಟು ಸಣ್ಣ ಹೂ. ಆ ವರ್ಷ ನಮ್ಮಮ್ಮ ಕಳಸಕ್ಕೆ ಪಕ್ಕದ ತೋಟದಿಂದ ಹೂ ತಂದರು.

ಆಮೇಲೆ ನಮ್ಮೂರ ಜೋಯಿಸರ ಹತ್ತಿರ ಹೋಗಿ ಕೂತೆ. ಅವರು ಹೇಳಿದ್ದು ಒಂದೇ ಮಾತು. "ಶ್ರಾವಣ ಯಾವುದು ಅಂತ ಹುಣ್ಣಿಮೆಯಿಂದ ಹುಡುಕಬೇಡಪ್ಪ, ಸಿಂಹ ಸಂಕ್ರಮಣದಿಂದ ಹುಡುಕು. ಎರಡು ಅಮಾವಾಸ್ಯೆ ಮಧ್ಯೆ ಸೂರ್ಯ ಸಿಂಹಕ್ಕೆ ಬಂದರೆ ಅದೇ ನಿಜ ಶ್ರಾವಣ. ಬರದಿದ್ದರೆ ಅದು ಅಧಿಕ."

ಈ ಮಾತು ನನಗೆ ತುಂಬ ಕೆಲಸಕ್ಕೆ ಬಂತು. ಯಾಕೆಂದರೆ ಅಮಾವಾಸ್ಯೆ, ಹುಣ್ಣಿಮೆ ವರ್ಷ ವರ್ಷ ಓಡಾಡುತ್ತವೆ, ಆದರೆ ಸಿಂಹ ಸಂಕ್ರಮಣ ಆಗಸ್ಟ್ 16 ಅಥವಾ 17 ಬಿಟ್ಟು ಅಲ್ಲಾಡುವುದಿಲ್ಲ. ಅದೊಂದು ನೆಟ್ಟ ಗೂಟ ಇದ್ದ ಹಾಗೆ. ಮನೆಗೆ ಬಂದು 2023ನ್ನೇ ಮತ್ತೆ ಹಾಕಿ ನೋಡಿದೆ. ಅಮಾವಾಸ್ಯೆ ಜುಲೈ 17ಕ್ಕೆ, ಮುಂದಿನದು ಆಗಸ್ಟ್ 16ಕ್ಕೆ. ಸಂಕ್ರಮಣ ಆದದ್ದು ಆಗಸ್ಟ್ 17ಕ್ಕೆ. ಒಂದೇ ದಿನದಲ್ಲಿ ತಪ್ಪಿಹೋಗಿತ್ತು! ಅದಕ್ಕೇ ಆ ಮೊದಲ ತಿಂಗಳು ಅಧಿಕವಾಯಿತು. 2020ರಲ್ಲಿ ಹುಣ್ಣಿಮೆ ಆಗಸ್ಟ್ 3ಕ್ಕೇ ಇತ್ತು, ಆದರೂ ಅದು ನಿಜ ಶ್ರಾವಣವೇ. ಅಲ್ಲಿ ಅಮಾವಾಸ್ಯೆ ಬಂದದ್ದು ಆಗಸ್ಟ್ 19ಕ್ಕೆ, ಸಂಕ್ರಮಣ ಅದಕ್ಕಿಂತ ಮೊದಲೇ ಆಗಿತ್ತು. ಹಬ್ಬ ಜುಲೈ 31ಕ್ಕೆ ಆಯಿತು. 2023ರ ಆಗಸ್ಟ್ 1ರ ಹುಣ್ಣಿಮೆ ಅಧಿಕ, 2020ರ ಆಗಸ್ಟ್ 3ರ ಹುಣ್ಣಿಮೆ ನಿಜ. ತಾರೀಖು ಮಾತ್ರ ನೋಡಿದರೆ ಯಾರಿಗೆ ತಾನೇ ಗೊತ್ತಾಗುತ್ತೆ, ಹೇಳಿ.

ಈಗ ನಾನು ಮಾಡುವುದು ಹೀಗೆ. ಆಗಸ್ಟ್ 17ಕ್ಕೆ ಬೆರಳಿಡುತ್ತೇನೆ. ಅದರ ಹಿಂದಿನ ಅಮಾವಾಸ್ಯೆ, ಮುಂದಿನ ಅಮಾವಾಸ್ಯೆ ಎರಡನ್ನೂ ಗುರುತು ಹಾಕುತ್ತೇನೆ. ಈ ತಾರೀಖುಗಳು ಮೊಬೈಲಿನಲ್ಲಿ ಎಷ್ಟು ವರ್ಷ ಮುಂಚಿನದ್ದು ಬೇಕಾದರೂ ಸಿಗುತ್ತವೆ. ಅವೆರಡರ ಮಧ್ಯದ ಹುಣ್ಣಿಮೆಯೇ ಶ್ರಾವಣ ಹುಣ್ಣಿಮೆ. ಅದರಿಂದ ಹಿಂದಕ್ಕೆ ಎಣಿಸುತ್ತಾ ಮೊದಲು ಸಿಗುವ ಶುಕ್ರವಾರ ನಮ್ಮ ಹಬ್ಬ. ಅಮಾವಾಸ್ಯೆ 16, 17ರ ಸುತ್ತಮುತ್ತ ಬಿದ್ದರೆ ಮಾತ್ರ ಎರಡರ ಗಂಟೆಯನ್ನೂ ನೋಡಬೇಕು, ಇಲ್ಲವಾದರೆ ಜೋಯಿಸರನ್ನು ಕೇಳಬೇಕು. ಅಂಥ ವರ್ಷದಲ್ಲಿ ಸುಮ್ನೆ ಅಂದಾಜು ಮಾಡಬಾರದು.

ಇನ್ನೊಂದು ಮಾತು. ನಮ್ಮ ಕಡೆ ಜಾಸ್ತಿ ಜನ "ಶ್ರಾವಣದ ಎರಡನೇ ಶುಕ್ರವಾರ" ಅನ್ನುತ್ತಾರೆ. ಎಷ್ಟೋ ವರ್ಷ ಅದು ಸರಿಯಾಗುತ್ತೆ. 2025ರಲ್ಲಿ ಆಗಲಿಲ್ಲ. ಆ ವರ್ಷ ಶ್ರಾವಣದ ಪಾಡ್ಯವೇ ಶುಕ್ರವಾರ, ಜುಲೈ 25. ಎರಡನೇ ಶುಕ್ರವಾರ ಆಗಸ್ಟ್ 1. ಆದರೆ ಹುಣ್ಣಿಮೆ ಆಗಸ್ಟ್ 9, ಶನಿವಾರ. ಹಬ್ಬ ಆಗಸ್ಟ್ 8ಕ್ಕೆ, ಅಂದರೆ ಮೂರನೇ ಶುಕ್ರವಾರ. ಅದಕ್ಕೇ ನಾನು ಅಮಾವಾಸ್ಯೆ ಕಡೆಯಿಂದ ಎಣಿಸುವುದಿಲ್ಲ, ಹುಣ್ಣಿಮೆ ಕಡೆಯಿಂದ ಎಣಿಸುತ್ತೇನೆ.

2026ರ ಲೆಕ್ಕ ನನ್ನನ್ನು ತುಂಬ ಹೊತ್ತು ಕೂರಿಸಿತು. ಅಮಾವಾಸ್ಯೆ ಆಗಸ್ಟ್ 12ಕ್ಕೆ, ಮುಂದಿನದು ಸೆಪ್ಟೆಂಬರ್ 11ಕ್ಕೆ. ಆಗಸ್ಟ್ 17 ಮಧ್ಯದಲ್ಲಿದೆ, ಅದರಲ್ಲಿ ಅನುಮಾನ ಇಲ್ಲ. ಹುಣ್ಣಿಮೆ ಆಗಸ್ಟ್ 28. ವಾರ ನೋಡಿದರೆ ಅದೂ ಶುಕ್ರವಾರ! ಮೊಬೈಲಿನಲ್ಲಿ ಚಂದ್ರ ಪೂರ್ತಿಯಾಗುವ ಗಳಿಗೆ ಬೆಳಿಗ್ಗೆ 9:48 ಅಂತ ತೋರಿಸುತ್ತೆ. ಆ ಗಳಿಗೆಗೆ ಹುಣ್ಣಿಮೆ ತಿಥಿ ಮುಗಿಯುತ್ತದೆ, ಶುರುವಾಗುವುದಲ್ಲ. ಇದನ್ನು ಬಹಳ ಜನ ತಿರುಗುಮುರುಗಾಗಿ ತಿಳಿಯುತ್ತಾರೆ. 28ರ ಸೂರ್ಯೋದಯಕ್ಕೆ ತಿಥಿ ಇನ್ನೂ ಇದೆ, ಹಾಗಾಗಿ ಆ ದಿನವೇ ಹುಣ್ಣಿಮೆ.

ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಅನ್ನುವವರು 28 ಹಿಡಿಯಬಹುದು. ಹುಣ್ಣಿಮೆಗೆ ಮುಂಚಿನ ಶುಕ್ರವಾರ ಅನ್ನುವವರಿಗೆ 21. 2022ರಲ್ಲೂ ಹೀಗೇ ಆಗಿತ್ತು. ಆಗಸ್ಟ್ 12ರ ಶುಕ್ರವಾರ ಬೆಳಿಗ್ಗೆ ಏಳು ಗಂಟೆಯವರೆಗೆ ಹುಣ್ಣಿಮೆ ಇತ್ತು. ಆದರೆ ನಮ್ಮ ಮನೆಯಲ್ಲಿ ಕಳಸ ಇಟ್ಟದ್ದು ಆಗಸ್ಟ್ 5ಕ್ಕೆ. ಹೂವಿಗೆ ಬೇಡಿಕೆ ಬಂದದ್ದೂ ಆ ವಾರವೇ. ಅಮ್ಮನನ್ನು ಕೇಳಿದೆ. "ನಮ್ಮತ್ತೆ ಹುಣ್ಣಿಮೆ ದಿನ ಯಾವತ್ತೂ ಇಟ್ಟವರಲ್ಲ, ಹಿಂದಿನ ಶುಕ್ರವಾರವೇ ಇಡ್ತಿದ್ರು. ನಾವೂ ಹಾಗೇ" ಅಂದರು. ಮನೆಗೆ 21 ಅಂತ ಬರೆದುಕೊಂಡೆ.

ಕೊಳ್ಳುವವರು ನಮ್ಮ ಮನೆ ಪದ್ಧತಿ ಕೇಳಿ ಬರುವುದಿಲ್ಲವಲ್ಲ. ತೋಟಕ್ಕೆ ಬೇರೆ ಲೆಕ್ಕ ಬೇಕಾಯಿತು. ಸೇವಂತಿಗೆ ಒಮ್ಮೆ ಬಿಡಿಸಲು ಶುರು ಮಾಡಿದರೆ ಕೆಲವು ವಾರ ಬರುತ್ತಲೇ ಇರುತ್ತದೆ, ಆದರೆ ದಪ್ಪ ಹೂ ಮೊದಲ ಕೊಯ್ಲುಗಳಲ್ಲೇ. ಹಾಗಾಗಿ ಅರ್ಧ ತೋಟಕ್ಕೆ ಏಪ್ರಿಲ್ ಎರಡನೇ ವಾರ, ಉಳಿದರ್ಧಕ್ಕೆ ಎಂಟು ದಿನ ಬಿಟ್ಟು ನಾಟಿ ಅಂತ ಗೊತ್ತು ಮಾಡಿದೆ. ಮೊದಲನೆಯದು 21ಕ್ಕೆ, ಎರಡನೆಯದು 28ಕ್ಕೆ.

2027ಕ್ಕೆ ಇಂಥ ತೊಡಕಿಲ್ಲ. ಅಮಾವಾಸ್ಯೆ ಆಗಸ್ಟ್ 2, ಮುಂದಿನದು 31. ಹುಣ್ಣಿಮೆ ಆಗಸ್ಟ್ 17, ಮಂಗಳವಾರ. ಹಬ್ಬ ಆಗಸ್ಟ್ 13. ಅದನ್ನು ಈಗಲೇ ಪಂಪ್ ಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.