ಹೆಸರಿಗೆ ಒಂದು ದಾರಿ, ಡಬ್ಬಕ್ಕೆ ಇನ್ನೊಂದು

"ವಕೀಲ್ರೇ, ನಾನು ಮಾಡದ ತೊಡೆದೇವಿಗೆ ನಾನು ಬೈಸಿಕೊಂಡೆ."

ಮಳೆಗಾಲದ ಒಂದು ಬೆಳಿಗ್ಗೆ ರಾಯರು ನನ್ನ ಆಫೀಸಿಗೆ ಬಂದು ಕೊಡೆ ಮಡಚುವ ಮೊದಲೇ ಹೇಳಿದ ಮಾತಿದು. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಅವರದ್ದೊಂದು ಸಿಹಿತಿಂಡಿ ಅಂಗಡಿ. ಹೆಸರು ಹೊನ್ನೆಸಿರಿ ಅಂತ ಇಟ್ಟುಕೊಳ್ಳೋಣ. ನಿಜವಾದ ಹೆಸರು ಬೇರೆ, ಆದರೆ ಗಲಾಟೆಯ ಸ್ವರೂಪ ಇದೇ. ಹಿಂದಿನ ದಿನ ಒಬ್ಬ ಗಿರಾಕಿ ತೊಡೆದೇವಿನ ಡಬ್ಬ ತಂದು ಕೌಂಟರ್ ಮೇಲೆ ಕುಕ್ಕಿದ್ದರಂತೆ. ಗರಿಗರಿ ಇರಬೇಕಾದದ್ದು ಒದ್ದೆ ಕಾಗದದ ಹಾಗೆ ಮೆತ್ತಗಾಗಿತ್ತು. ರಾಯರು ದುಡ್ಡು ವಾಪಸ್ ಕೊಟ್ಟರು. ಆಮೇಲೆ ಡಬ್ಬ ತಿರುಗಿಸಿ ನೋಡಿದರೆ ಅದರ ಮೇಲೆ ಇದ್ದದ್ದು ಹೊನ್ನೆಶ್ರೀ. ಮಾಡಿದ ಊರು ಕೊಪ್ಪ.

"ಡಬ್ಬ ಎಲ್ಲಿ?" ಅಂದೆ.

"ಸಿಟ್ಟಿಗೆ ಬಿಸಾಕಿದೆ."

ನಮ್ಮ ಕೈಗೆ ಸಿಗಬೇಕಿದ್ದ ಮೊದಲ ಸಾಕ್ಷಿ ಹಾಗೆ ಕಸದ ಗಾಡಿ ಹತ್ತಿತು.

ನಾನು ಮುಖ್ಯವಾಗಿ ತೋಟದ ಪಾಲು, ಬಗರ್‌ಹುಕುಂ, ದಾರಿ ಜಗಳ ನಡೆಸುವವನು. ಟ್ರೇಡ್‌ಮಾರ್ಕ್ ಕೇಸು ಅಪರೂಪ. ಅದಕ್ಕೇ ಮೊದಲು ರಾಯರ ಹತ್ತಿರ ಏನೇನಿದೆ ಅಂತ ಮೇಜಿನ ಮೇಲೆ ಹರಡಿ ಕೂತೆ. ಟ್ರೇಡ್‌ಮಾರ್ಕ್ ನೋಂದಣಿ ಪತ್ರ ಇತ್ತು. ಸಿಹಿತಿಂಡಿಗಳು ಬರುವ 30ನೇ ವರ್ಗದಲ್ಲಿ, 'ಹೊನ್ನೆಸಿರಿ' ಎಂಬ ಪದಕ್ಕೆ, 2019ರಲ್ಲಿ ಹಾಕಿದ ಅರ್ಜಿ. ಅಂಗಡಿ ಮಾತ್ರ 1998ರಿಂದ ನಡೆಯುತ್ತಿದೆ. ಡಬ್ಬ ಹಸಿರು, ಮೇಲೆ ಅಡಿಕೆ ಸಿಂಗಾರದ ಚಿತ್ರ. ಈ ಡಬ್ಬಕ್ಕೆ ಯಾವ ನೋಂದಣಿಯೂ ಇಲ್ಲ. ಕೊಪ್ಪದವರ ಡಬ್ಬವೂ ಹಸಿರು, ಅದರ ಮೇಲೂ ಸಿಂಗಾರ.

ಅಲ್ಲಿಗೆ ಕೇಸು ಎರಡಾಗಿ ಸೀಳಿತು. ಹೆಸರು ನೋಂದಣಿಯಾಗಿದೆ, ಹಾಗಾಗಿ ಅದಕ್ಕೆ ಇನ್‌ಫ್ರಿಂಜ್‌ಮೆಂಟ್, ಅಂದರೆ ನೋಂದಾಯಿತ ಗುರುತಿನ ಹಕ್ಕು ಮೀರಿದ್ದಕ್ಕೆ ಹಾಕುವ ದಾವೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಸೆಕ್ಷನ್ 29. ನೋಂದಣಿ ಇಲ್ಲದ ಗುರುತಿಗೆ ಈ ದಾವೆ ಹಾಕುವ ಹಾಗೇ ಇಲ್ಲ ಅಂತ ಸೆಕ್ಷನ್ 27 ಹೇಳುತ್ತದೆ. ಅದೇ ಸೆಕ್ಷನ್ನಿನ ಎರಡನೇ ಭಾಗ ಪಾಸಿಂಗ್ ಆಫ್ ದಾವೆಯ ಹಕ್ಕನ್ನು ಉಳಿಸಿಕೊಡುತ್ತದೆ. ತನ್ನ ಮಾಲನ್ನು ಇನ್ನೊಬ್ಬನ ಮಾಲು ಅಂತ ಜನ ತಿಳಿಯುವ ಹಾಗೆ ಮಾರುವುದೇ ಪಾಸಿಂಗ್ ಆಫ್. ಡಬ್ಬಕ್ಕೆ ಇದ್ದದ್ದು ಅದೊಂದೇ ದಾರಿ.

ರಾಯರಿಗೆ ಇದನ್ನು ಹೀಗೆ ಹೇಳಿದೆ: ನೋಂದಣಿ ಪತ್ರ ಅಂದರೆ ತೋಟದ ಪಹಣಿ ಇದ್ದ ಹಾಗೆ. ಬೇಲಿ ಒಳಗೆ ಬಂದವನನ್ನು ತೋರಿಸಿದರೆ ಸಾಕು. ಪಾಸಿಂಗ್ ಆಫ್‌ನಲ್ಲಿ ಪಹಣಿ ಇಲ್ಲ. ಇಷ್ಟು ವರ್ಷ ನಾನೇ ಗೇಯ್ದದ್ದು, ಊರಿಗೆಲ್ಲ ಗೊತ್ತು, ಇವನು ನನ್ನ ಫಸಲು ತನ್ನದು ಅಂತ ಮಾರುತ್ತಿದ್ದಾನೆ ಅಂತ ಮೊದಲಿನಿಂದ ತೋರಿಸಬೇಕು. ಹೋಲಿಕೆ ಪೂರ್ತಿ ಸರಿಯಲ್ಲ, ಆದರೆ ಅವರ ತಲೆಗೆ ಹೋಯಿತು.

ನೋಟಿಸ್ ಕಳಿಸಿದೆವು. ಬಂದ ಉತ್ತರ ಜಾಣತನದ್ದು. "ನಿಮಗೆ ಬೇಜಾರಾಗಿದ್ದರೆ ಡಬ್ಬ ಬದಲಿಸುತ್ತೇವೆ. ಇನ್ನು ಮುಂದೆ ಕೆಂಪು ಡಬ್ಬ, 'ಕೊಪ್ಪ' ಅಂತ ದಪ್ಪಕ್ಷರದಲ್ಲಿ ಹಾಕುತ್ತೇವೆ. ಆಗ ಗೊಂದಲವೇ ಇರುವುದಿಲ್ಲವಲ್ಲ?" ರಾಯರಿಗೂ ಇದು ಸರಿ ಅನ್ನಿಸಿತು. ನನಗೂ ಒಂದು ಗಳಿಗೆ ಅನ್ನಿಸಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಆದರೆ ಎರಡು ದಾವೆಗಳ ನಿಜವಾದ ವ್ಯತ್ಯಾಸ ಇಲ್ಲೇ ಇರುವುದು. 'ನವರತ್ನ' ಎಂಬ ಆಯುರ್ವೇದ ಔಷಧಗಳ ಹೆಸರಿನ ಜಗಳದಲ್ಲಿ ಸುಪ್ರೀಂ ಕೋರ್ಟ್ 1964ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಇನ್‌ಫ್ರಿಂಜ್‌ಮೆಂಟ್‌ನಲ್ಲಿ ಗುರುತಿಗೆ ಗುರುತು ಹೋಲಿಸುತ್ತಾರೆ. ಗುರುತಿನ ಮುಖ್ಯ ಅಂಶವನ್ನು ತೆಗೆದುಕೊಂಡಿದ್ದರೆ ಮುಗಿಯಿತು. ಪೊಟ್ಟಣದ ಬಣ್ಣ ಬೇರೆ, ಅಕ್ಷರದ ಶೈಲಿ ಬೇರೆ, ಊರಿನ ಹೆಸರು ಸೇರಿಸಿದ್ದೇವೆ ಅನ್ನುವುದು ಉಪಯೋಗಕ್ಕೆ ಬರುವುದಿಲ್ಲ. ಪಾಸಿಂಗ್ ಆಫ್‌ನಲ್ಲಿ ಹಾಗಲ್ಲ. ಅಲ್ಲಿ ನೋಡುವುದು ಗಿರಾಕಿಯ ಕೈಗೆ ಬರುವ ಇಡೀ ಮಾಲನ್ನು. ಸೇರಿಸಿದ ವಿವರಗಳು ಎರಡನ್ನೂ ಬೇರೆ ಮಾಡಿ ತೋರಿಸುವಷ್ಟು ಇದ್ದರೆ ಎದುರಾಳಿ ತಪ್ಪಿಸಿಕೊಳ್ಳಬಹುದು. ಅಂದರೆ ಕೆಂಪು ಡಬ್ಬ ಕೊಪ್ಪದವರನ್ನು ಪಾಸಿಂಗ್ ಆಫ್‌ನಿಂದ ಉಳಿಸೀತು, ಇನ್‌ಫ್ರಿಂಜ್‌ಮೆಂಟ್‌ನಿಂದ ಉಳಿಸದು.

ಹಾಗಂತ ನೋಂದಣಿ ಇದ್ದವನು ಏನೂ ತೋರಿಸಬೇಕಿಲ್ಲ ಅಂತಲ್ಲ. ಹೆಸರು ಒಂದೇ, ಮಾಲೂ ಒಂದೇ ಆಗಿದ್ದರೆ ಗೊಂದಲವಿದೆ ಅಂತ ಕೋರ್ಟೇ ಊಹಿಸುತ್ತದೆ. ನಮ್ಮದು ಒಂದೇ ಹೆಸರಲ್ಲ, ಹೋಲುವ ಹೆಸರು. ಜನಕ್ಕೆ ಗೊಂದಲ ಆಗಬಹುದು ಅಂತ ನಾವೇ ತೋರಿಸಬೇಕು. ಇಲ್ಲಿ ನನ್ನ ಕೈ ಹಿಡಿದದ್ದು ಕಾನೂನಿನ ಪುಸ್ತಕಕ್ಕಿಂತ ಕನ್ನಡ ವ್ಯಾಕರಣ. ಸಿರಿ ಅನ್ನುವುದು ಶ್ರೀಯ ತದ್ಭವ, ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇ. ಕಣ್ಣಿಗೆ ಎರಡೂ ಸ್ವಲ್ಪ ಬೇರೆ. ಕಿವಿಗೆ ಹತ್ತಿರ, ಅರ್ಥಕ್ಕೆ ಒಂದೇ. ಮದುವೆ ಮನೆಯವರು ಫೋನಿನಲ್ಲೇ ಇಪ್ಪತ್ತು ಕೆಜಿಗೆ ಆರ್ಡರ್ ಹೇಳುವ ವ್ಯಾಪಾರ ಇದು. ಪದದ ಗುರುತನ್ನು ಬಾಯಲ್ಲಿ ಬಳಸಿದರೂ ಇನ್‌ಫ್ರಿಂಜ್‌ಮೆಂಟ್ ಆಗಬಹುದು ಅಂತ ಸೆಕ್ಷನ್ 29ರ 9ನೇ ಉಪವಿಭಾಗ ಹೇಳುತ್ತದೆ. ಜೊತೆಗೆ, ಹೊನ್ನೆ ಒಂದು ಮರ. ಅದಕ್ಕೂ ಸಿಹಿತಿಂಡಿಗೂ ಸಂಬಂಧ ಇಲ್ಲ. ಅದೇ ನಮಗೆ ಬಲ. ರಾಯರು ಅಂಗಡಿಗೆ 'ಮಲೆನಾಡು ಸ್ವೀಟ್ಸ್' ಅಂತ ಇಟ್ಟಿದ್ದರೆ ನಾನು ಇಷ್ಟು ಧೈರ್ಯವಾಗಿ ದಾವೆ ಹಾಕುತ್ತಿರಲಿಲ್ಲ.

ಆಮೇಲೆ ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ. ನನ್ನ ಜೂನಿಯರ್ ಅಭ್ಯಾಸಬಲದಿಂದ ಸಿವಿಲ್ ಜಡ್ಜ್ ಕೋರ್ಟಿಗೆ ವಾದಪತ್ರ ತಯಾರಿಸಿದ್ದ. ಸೆಕ್ಷನ್ 134ರ ಪ್ರಕಾರ ಈ ದಾವೆಗಳು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ಅದು ಸುಲಭದ ತಿದ್ದುಪಡಿ. ಕಷ್ಟ ಇದ್ದದ್ದು ಜಿಲ್ಲೆಯಲ್ಲಿ. ಕೊಪ್ಪ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. ಇನ್‌ಫ್ರಿಂಜ್‌ಮೆಂಟ್ ಆದರೆ, ನೋಂದಣಿ ಇರುವವನು ತಾನು ವ್ಯಾಪಾರ ಮಾಡುವ ಊರಿನಲ್ಲೇ ಹಾಕಬಹುದು. ಪಾಸಿಂಗ್ ಆಫ್‌ಗೆ ಆ ಸವಲತ್ತು ಇಲ್ಲ. ಪ್ರತಿವಾದಿ ಇರುವ ಕಡೆ, ಇಲ್ಲವೇ ಮೋಸದ ಒಂದು ಭಾಗವಾದರೂ ನಡೆದ ಕಡೆ ಹಾಕಬೇಕು. ಒಂದೇ ವಾದಪತ್ರದಲ್ಲಿ ಎರಡನ್ನೂ ಸೇರಿಸಿದ ಮಾತ್ರಕ್ಕೆ ಒಂದರ ಸವಲತ್ತು ಇನ್ನೊಂದಕ್ಕೆ ಸಿಗುವುದಿಲ್ಲ. ದೋಧಾ ಹೌಸ್ ಎಂಬ ಸಿಹಿ ಅಂಗಡಿಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಅಂದರೆ ಕೊಪ್ಪದ ಡಬ್ಬ ಶಿವಮೊಗ್ಗದಲ್ಲಿ ಮಾರಾಟ ಆಗುತ್ತಿದೆ ಅಂತ ಕಾಗದದಲ್ಲಿ ತೋರಿಸಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಅಂಗಡಿಯಲ್ಲಿ ಆ ಡಬ್ಬ ಇಡುತ್ತಾರೆ ಅಂತ ರಾಯರ ಮಗ ಪತ್ತೆ ಮಾಡಿದ. ಬೇರೆಯವರನ್ನು ಕಳಿಸಿ ಎರಡು ಡಬ್ಬ ಕೊಂಡೆವು. ಕೈಬಿಲ್ಲು ಬೇಡ, ತಾರೀಖು ಇರುವ ಮುದ್ರಿತ ಬಿಲ್ಲೇ ಬೇಕು ಅಂತ ಹೇಳಿ ಕಳಿಸಿದ್ದೆ. ಒಂದು ಡಬ್ಬವನ್ನು ಬಿಚ್ಚದೆ ಹಾಗೇ ಕೋರ್ಟಿಗೆ ಕೊಟ್ಟೆವು. ಇನ್ನೊಂದರ ತೊಡೆದೇವನ್ನು ಆಫೀಸಿನಲ್ಲಿ ತಿಂದೆವು. ಅದೂ ಮೆತ್ತಗೇ ಇತ್ತು.

ಅಂದಿನಿಂದ ರಾಯರು ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟರು. ಕೊಪ್ಪದ ಡಬ್ಬ ಹಿಡಿದು ಬಂದವರ ಹೆಸರು, ಊರು, ತಾರೀಖು, ಏನಂದರು ಅಂತ ಬರೆದಿಡುವುದು. ಪಾಸಿಂಗ್ ಆಫ್‌ನಲ್ಲಿ ಗೊಂದಲ ಆಗಿಯೇ ಆಗಿರಬೇಕು ಅಂತಿಲ್ಲ, ಆಗುವ ಸಂಭವ ಇದ್ದರೂ ಸಾಕು. ಆದರೂ ಒಬ್ಬ ನಿಜವಾದ ಗಿರಾಕಿಯ ಅಫಿಡವಿಟ್ ಇದ್ದರೆ ಅದರ ತೂಕವೇ ಬೇರೆ. ನಮಗೆ ಇಬ್ಬರು ಸಿಕ್ಕರು.

ಎದುರಾಳಿಯ ಬಲವಾದ ಏಟು ಆಮೇಲೆ ಬಂತು. "ನಮ್ಮ ಅಜ್ಜ 1996ರಿಂದಲೇ ಮನೆಯಲ್ಲಿ ತೊಡೆದೇವು ಮಾಡಿ ಹೊನ್ನೆಶ್ರೀ ಅಂತ ಮಾರುತ್ತಿದ್ದರು." ಇದು ನಿಜವಾಗಿದ್ದರೆ ನಮ್ಮ ನೋಂದಣಿ ಪತ್ರ ಅವರ ಮುಂದೆ ಬರೀ ಕಾಗದ. ಸೆಕ್ಷನ್ 34 ಮೊದಲು ಬಳಸಿದವನನ್ನು ಕಾಯುತ್ತದೆ. ಸುಪ್ರೀಂ ಕೋರ್ಟ್ 2015ರಲ್ಲಿ ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಪ್ರಕರಣದಲ್ಲಿ, ನೋಂದಣಿಗಿಂತ ಮೊದಲ ಬಳಕೆಯ ಹಕ್ಕು ದೊಡ್ಡದು, ನೋಂದಣಿ ಇದ್ದವನ ಮೇಲೂ ಪಾಸಿಂಗ್ ಆಫ್ ದಾವೆ ನಡೆಯುತ್ತದೆ ಅಂತ ಎತ್ತಿ ಹೇಳಿದೆ.

ಆದರೆ ಸೆಕ್ಷನ್ 34ರ ಲೆಕ್ಕ ಬಿಗಿ. ನಮ್ಮ ಬಳಕೆ, ನಮ್ಮ ನೋಂದಣಿ, ಎರಡರಲ್ಲಿ ಯಾವುದು ಹಳೆಯದೋ ಅದಕ್ಕಿಂತ ಮೊದಲಿನಿಂದ ಅವರು ಬಿಡದೆ ಬಳಸಿರಬೇಕು. 2019ಕ್ಕಿಂತ ಹಿಂದೆ ಹೋದರೆ ಸಾಲದು, 1998ಕ್ಕಿಂತ ಹಿಂದೆ ಹೋಗಬೇಕು. ಹಾಗಾಗಿ ನಾವು 1998ನ್ನು ಗಟ್ಟಿ ಮಾಡಬೇಕಿತ್ತು. ಅಟ್ಟದ ಮೇಲೆ ಎರಡು ದಿನ ಹುಡುಕಿದೆವು. ನಗರಸಭೆಯ ಲೈಸೆನ್ಸ್ ಸಿಕ್ಕಿತು, ಆದರೆ ಅದರಲ್ಲಿದ್ದದ್ದು ರಾಯರ ಸ್ವಂತ ಹೆಸರು, ಅಂಗಡಿಯದ್ದಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಪ್ರಿಂಟಿಂಗ್ ಪ್ರೆಸ್ಸಿನ ಒಂದು ಬಿಲ್ಲು: 'ಹೊನ್ನೆಸಿರಿ' ಡಬ್ಬ, 500, ತಾರೀಖು ಸಮೇತ. ಇಂಥ ಕೇಸಿನಲ್ಲಿ ಹೆಸರು ಮತ್ತು ತಾರೀಖು ಒಂದೇ ಹಾಳೆಯಲ್ಲಿ ಇರುವ ಕಾಗದಕ್ಕೇ ಬೆಲೆ. ಎದುರಿನವರು ಕೊಟ್ಟದ್ದು ನೆಂಟರ ಅಫಿಡವಿಟ್‌ಗಳು. ಅವರ ಆಹಾರ ಲೈಸೆನ್ಸ್ ಆಗಲಿ, ಜಿಎಸ್‌ಟಿ ನೋಂದಣಿ ಆಗಲಿ 2021ಕ್ಕಿಂತ ಹಿಂದಕ್ಕೆ ಹೋಗಲಿಲ್ಲ.

ಅವರ ವಕೀಲರು ನಂದಿನಿ ಹಾಲು ಮತ್ತು ನಂದಿನಿ ಡೀಲಕ್ಸ್ ಹೋಟೆಲಿನ 2018ರ ತೀರ್ಪನ್ನೂ ಓದಿದರು. ಎರಡೂ ಉಳಿದುಕೊಂಡವಲ್ಲ, ನಾವೂ ಉಳಿಯಬಹುದಲ್ಲ ಅಂತ. ಅಲ್ಲಿ ಒಂದು ಹಾಲು, ಇನ್ನೊಂದು ಹೋಟೆಲ್. ಇಲ್ಲಿ ಎರಡೂ ತೊಡೆದೇವು. ನಾನು ಅಷ್ಟೇ ಹೇಳಿ ಕೂತೆ.

ಮಧ್ಯಂತರ ಆದೇಶ ಅರ್ಧಕ್ಕರ್ಧ ಬಂತು. ಹೊನ್ನೆಶ್ರೀ ಎಂಬ ಹೆಸರಿನಲ್ಲಿ ಸಿಹಿತಿಂಡಿ ಮಾರದಂತೆ ತಡೆಯಾಜ್ಞೆ ಸಿಕ್ಕಿತು. ಡಬ್ಬದ ವಿಷಯದಲ್ಲಿ ಸಿಗಲಿಲ್ಲ. ಹಸಿರು ಬಣ್ಣ, ಅಡಿಕೆ ಸಿಂಗಾರ ಮಲೆನಾಡಿನ ಎಷ್ಟೋ ಪೊಟ್ಟಣಗಳ ಮೇಲೆ ಇದೆ, ಅದನ್ನು ನೋಡಿದ ಕೂಡಲೇ ಜನ ವಾದಿಯ ಅಂಗಡಿಯನ್ನೇ ನೆನೆಯುತ್ತಾರೆ ಎಂಬುದಕ್ಕೆ ಸದ್ಯಕ್ಕೆ ಆಧಾರ ಇಲ್ಲ ಅಂದರು ನ್ಯಾಯಾಧೀಶರು. ನನಗೆ ಬೇಜಾರಾಯಿತು, ಆದರೆ ತಪ್ಪು ಅನ್ನಿಸಲಿಲ್ಲ. ನಮ್ಮ ಇಬ್ಬರು ಗಿರಾಕಿಗಳೂ ಅಫಿಡವಿಟ್‌ನಲ್ಲಿ ಹೇಳಿದ್ದು "ಹೆಸರು ನೋಡಿ ಮೋಸ ಹೋದೆ" ಅಂತ. ಡಬ್ಬ ನೋಡಿ ಅಂತ ಒಬ್ಬರೂ ಹೇಳಿರಲಿಲ್ಲ. ಅದನ್ನು ನಾನು ಮೊದಲೇ ಗಮನಿಸಬೇಕಿತ್ತು.

ದೀಪಾವಳಿಗೆ ಮೊದಲು ರಾಜಿಯಾಯಿತು. ಕೊಪ್ಪದವರು ಹೆಸರು ಪೂರ್ತಿ ಬದಲಿಸಿದರು, ಖಾಲಿ ಡಬ್ಬಗಳನ್ನು ನಮ್ಮ ಎದುರೇ ಹರಿದರು. ನಾವು ನಷ್ಟದ ಹಣ ಬಿಟ್ಟೆವು. ರಾಯರು ಈಗ ಡಬ್ಬದ ಚಿತ್ರವನ್ನೂ ಲೇಬಲ್ ಆಗಿ ನೋಂದಾಯಿಸಲು ಟಿಎಂ-ಎ ಅರ್ಜಿ ಹಾಕಿದ್ದಾರೆ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪ ಹಾಕಬಹುದು ಅಂತ ಹೇಳಿದೆ.

"ಕೊಪ್ಪದವ್ರೇ ಹಾಕಿದ್ರೆ?" ಅಂದರು ರಾಯರು. ಆಮೇಲೆ ಬಂದ ಕೆಲಸ ನೆನಪಾಗಿ, ಚೀಲದಿಂದ ಒಂದು ಡಬ್ಬ ತೆಗೆದು ಮೇಜಿನ ಮೇಲಿಟ್ಟರು. "ಇದು ನಮ್ದೇ. ಮುರಿದು ನೋಡಿ, ಸದ್ದು ಬರ್ಬೇಕು."