ಅಂಗಡಿ ಬಾಡಿಗೆಗೆ ಜಿಎಸ್‌ಟಿ: ಮಾಲೀಕರು ನೋಂದಣಿ ಮಾಡಿಸಬೇಕಾದ್ದು ಯಾವಾಗ?

ಹೋಟೆಲ್ ನಡೆಸುವುದು ನಿಲ್ಲಿಸಿ, ಸ್ವಂತ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿರುವ ನಮ್ಮ ಹಿರಿಯರು ಮುಂಬೈ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ‘ಅಂಗಡಿ ಬಾಡಿಗೆ 20 ಲಕ್ಷ ದಾಟುವುದಿಲ್ಲ, ಜಿಎಸ್‌ಟಿ ಚಿಂತೆ ನಮಗಿಲ್ಲ’ ಎಂಬುದು ಅವರಲ್ಲಿ ಹಲವರ ಲೆಕ್ಕ. ಎಡವುವುದು ಈ ಲೆಕ್ಕದಲ್ಲೇ.

ಮಹಾರಾಷ್ಟ್ರ ಮತ್ತು ಗೋವಾದಲ್ಲಿ ಸೇವೆ ಕೊಡುವವರಿಗೆ ನೋಂದಣಿಯ ಮಿತಿ ಒಂದು ಆರ್ಥಿಕ ವರ್ಷಕ್ಕೆ 20 ಲಕ್ಷ ರೂಪಾಯಿ ಎಂಬುದೇನೋ ನಿಜ. ಆದರೆ ಅದು ಅಂಗಡಿ ಬಾಡಿಗೆಯ ಮಿತಿಯಲ್ಲ, ನಿಮ್ಮ ಪ್ಯಾನ್ ಮೇಲಿನ ಒಟ್ಟು ವಹಿವಾಟಿನ ಮಿತಿ. ತೆರಿಗೆಯೇ ಇಲ್ಲದ ಮನೆ ಬಾಡಿಗೆಯೂ, ಊರಿನಲ್ಲಿರುವ ಕಟ್ಟಡದ ಬಾಡಿಗೆಯೂ ಇದರೊಳಗೆ ಬರುತ್ತವೆ. ಬ್ಯಾಂಕ್ ಠೇವಣಿಯ ಬಡ್ಡಿಯನ್ನೂ ವಿನಾಯಿತಿ ಪಡೆದ ಸೇವೆಯೆಂದು ಸೇರಿಸಬೇಕೆಂದು ಜಿಎಸ್‌ಟಿ ಮುಂಗಡ ತೀರ್ಪುಗಳು ಹೇಳಿವೆ. ಹಾಗಾಗಿ ಅದನ್ನು ಬಿಟ್ಟು ಲೆಕ್ಕ ಹಾಕುವುದು ಸುರಕ್ಷಿತವಲ್ಲ. ಬಾಡಿಗೆದಾರರಿಗೆ ಮರಳಿಸಬೇಕಾದ ಡಿಪಾಸಿಟ್ ಮಾತ್ರ ಸೇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಏಪ್ರಿಲ್‌ನಿಂದ ಪ್ರತಿ ತಿಂಗಳ ಬಾಡಿಗೆಯನ್ನು ಒಂದು ಪುಸ್ತಕದಲ್ಲಿ ಕೂಡಿಸುತ್ತಾ ಹೋಗುವುದು. ಡೊಂಬಿವಲಿಯ ಒಬ್ಬ ಮಾಲೀಕರಿಗೆ ಎರಡು ಅಂಗಡಿಗಳಿವೆ ಎಂದಿಟ್ಟುಕೊಳ್ಳಿ. ಮೆಡಿಕಲ್ ಸ್ಟೋರ್‌ನಿಂದ ತಿಂಗಳಿಗೆ 95,000, ಟೈಲರ್‌ನಿಂದ 50,000 ಬರುತ್ತದೆ. ವರ್ಷಕ್ಕೆ 17.40 ಲಕ್ಷ; ನಿರಾಳ ಎನಿಸುತ್ತದೆ. ಆದರೆ ಮುಲುಂಡ್‌ನಲ್ಲಿ ಒಂದು ಸಂಸಾರಕ್ಕೆ ಕೊಟ್ಟ ಫ್ಲ್ಯಾಟ್‌ನ 30,000 ಸೇರಿಸಿದರೆ ತಿಂಗಳಿಗೆ 1.75 ಲಕ್ಷ. ಫೆಬ್ರುವರಿ ಕೊನೆಗೆ 19.25 ಲಕ್ಷ, ಮಾರ್ಚ್ ಬಾಡಿಗೆ ಸೇರಿದಾಗ 21 ಲಕ್ಷ. ಅಲ್ಲಿಗೆ ಮಿತಿ ದಾಟಿತು.

ಎರಡನೆಯದಾಗಿ, ಮಿತಿ ದಾಟುವ ಮುಂಚೆ ತೆರಿಗೆ ಯಾರದ್ದು ಎಂದು ತಿಳಿದುಕೊಳ್ಳಿ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರ ಅಂಗಡಿಯಲ್ಲಿ ನೋಂದಾಯಿತ ಬಾಡಿಗೆದಾರರಿದ್ದರೆ ಶೇ 18 ತೆರಿಗೆಯನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್ ಮೂಲಕ ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಮೆಡಿಕಲ್ ಸ್ಟೋರ್ ನೋಂದಾಯಿತವಾದ್ದರಿಂದ 17,100 ಕಟ್ಟುತ್ತದೆ, ಮಾಲೀಕರಿಗೆ 95,000 ಪೂರ್ತಿ ಕೊಡುತ್ತದೆ. ಟೈಲರ್‌ಗೆ ನೋಂದಣಿಯಿಲ್ಲ, ಆ ಬಾಡಿಗೆಗೆ ಯಾರೂ ತೆರಿಗೆ ಕಟ್ಟಬೇಕಿಲ್ಲ. ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲಿನಂಥ ಬಾಡಿಗೆದಾರರನ್ನು 2025ರ ಜನವರಿ 16ರಿಂದ ಈ ರಿವರ್ಸ್ ಚಾರ್ಜ್‌ನಿಂದ ಹೊರಗಿಡಲಾಗಿದೆ. ಈ ಹಂತದಲ್ಲಿ ಮಾಲೀಕರು ರಸೀದಿಯಲ್ಲಿ ಜಿಎಸ್‌ಟಿ ಬರೆದು ವಸೂಲಿ ಮಾಡುವಂತಿಲ್ಲ. ನೋಂದಣಿಯಿಲ್ಲದವರಿಗೆ ಆ ಹಕ್ಕೇ ಇಲ್ಲ.

ಮಿತಿ ದಾಟಿದ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. gst.gov.in ತೆರೆದು Services, Registration, New Registration ಎಂಬಲ್ಲಿಗೆ ಹೋಗಿ, ಪ್ಯಾನ್, ಮೊಬೈಲ್ ನಂಬರ್ ಮತ್ತು ಇಮೇಲ್ ಕೊಟ್ಟರೆ ತಾತ್ಕಾಲಿಕ ಸಂಖ್ಯೆಯೊಂದು ಬರುತ್ತದೆ. ಅದು 15 ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಉಳಿದ ಭಾಗ ತುಂಬಬೇಕು. ಫೋಟೊ, ಆಧಾರ್ ದೃಢೀಕರಣ, ವ್ಯವಹಾರದ ವಿಳಾಸಕ್ಕೆ ವಿದ್ಯುತ್ ಬಿಲ್ ಅಥವಾ ಆಸ್ತಿ ತೆರಿಗೆ ರಸೀದಿ ಬೇಕು. ಸರ್ಕಾರಿ ಶುಲ್ಕವಿಲ್ಲ. ಬಿಲ್‌ನಲ್ಲಿ ಇನ್ನೂ ತೀರಿಕೊಂಡ ತಂದೆಯವರ ಹೆಸರೇ ಇದ್ದರೆ ಅಧಿಕಾರಿ ಪ್ರಶ್ನೆ ಎತ್ತಬಹುದು. ಹಕ್ಕು ತೋರಿಸುವ ಕಾಗದವನ್ನು ಜೊತೆಗಿಟ್ಟುಕೊಳ್ಳಿ.

ಗಡುವಿನೊಳಗೆ ಅರ್ಜಿ ಹಾಕಿದರೆ ನೋಂದಣಿ ಮಿತಿ ದಾಟಿದ ದಿನದಿಂದಲೇ ಜಾರಿಗೆ ಬರುತ್ತದೆ. ಅದಕ್ಕಿಂತ ಹಿಂದಿನ ತಿಂಗಳುಗಳ ಬಾಡಿಗೆಗೆ ಮಾಲೀಕರು ತೆರಿಗೆ ಕಟ್ಟಬೇಕಿಲ್ಲ. ತಡಮಾಡಿದರೆ ಮಾತ್ರ ಕಷ್ಟ: ಹಳೆಯ ತಿಂಗಳುಗಳ ತೆರಿಗೆ, ಬಡ್ಡಿ ಎರಡೂ ಮೈಮೇಲೆ ಬೀಳುತ್ತವೆ, ಟೈಲರ್ ಬಳಿ ಹೋಗಿ ‘ಕಳೆದ ವರ್ಷದ ಜಿಎಸ್‌ಟಿ ಕೊಡಿ’ ಎಂದರೆ ಯಾರು ಕೊಡುತ್ತಾರೆ?

ನೋಂದಣಿಯಾದ ಮೇಲೆ ಎರಡೂ ಅಂಗಡಿಗಳ ಬಿಲ್‌ನಲ್ಲಿ ಮಾಲೀಕರೇ ಶೇ 9 ಕೇಂದ್ರ, ಶೇ 9 ರಾಜ್ಯ ತೆರಿಗೆ ಹಾಕಬೇಕು. ಮೆಡಿಕಲ್ ಸ್ಟೋರ್‌ಗೆ ಇನ್ನು ರಿವರ್ಸ್ ಚಾರ್ಜ್ ಇಲ್ಲ, ವಿಷಯವನ್ನು ಲಿಖಿತವಾಗಿ ತಿಳಿಸಿ. ಇಲ್ಲವಾದರೆ ಒಂದೇ ಬಾಡಿಗೆಗೆ ಎರಡು ಸಲ ತೆರಿಗೆ ಹೋಗುತ್ತದೆ. ಫ್ಲ್ಯಾಟ್‌ನಲ್ಲಿರುವ ಸಂಸಾರಕ್ಕೆ ತೆರಿಗೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಟೈಲರ್‌ನಂಥವರ ಜೊತೆ. ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಇನ್‌ಪುಟ್ ಕ್ರೆಡಿಟ್ ಇಲ್ಲದ ಅವರಿಗೆ ಬಾಡಿಗೆ ಒಮ್ಮೆಲೇ 59,000 ಆಗುತ್ತದೆ. ಲೀವ್ ಆಂಡ್ ಲೈಸನ್ಸ್ ಕರಾರಿನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದು ಇಲ್ಲದಿದ್ದರೆ ಅವರು 50,000ಕ್ಕೇ ಗಟ್ಟಿಯಾಗಿ ನಿಲ್ಲಬಹುದು. ಆಗ ಅದರೊಳಗಿನ 7,627 ತೆರಿಗೆಗೆ ಹೋಗಿ ಮಾಲೀಕರಿಗೆ ಉಳಿಯುವುದು 42,373. ಕರಾರು ನವೀಕರಿಸುವಾಗ, ಮಿತಿ ಇನ್ನೂ ದಾಟದಿದ್ದರೂ, ‘ಜಿಎಸ್‌ಟಿ ಅನ್ವಯಿಸಿದರೆ ಬಾಡಿಗೆಯ ಮೇಲೆ ಪ್ರತ್ಯೇಕವಾಗಿ ಕೊಡತಕ್ಕದ್ದು’ ಎಂಬ ಒಂದು ಸಾಲನ್ನು ಈಗಲೇ ಸೇರಿಸಿ ರಿಜಿಸ್ಟರ್ ಮಾಡಿಸಿ.